ಐಂಡ್‌ಹೋವನ್‌ನ ಸೀನಿಯರ್‌ಗೆ ಒಂದು ಇಮೇಲ್

ಹೋದ ಅಕ್ಟೋಬರ್ ಅಂದರೆ 2025ರಲ್ಲಿ, ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಓದಿ 2021ರಲ್ಲಿ ಪಾಸಾದವಳು. ನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಕೆಲಸ, ಮೋಟಾರುಗಳನ್ನು ನಿಯಂತ್ರಿಸುವ ಸಾಫ್ಟ್‌ವೇರ್ ಬರೆಯುತ್ತಾಳೆ. ನೆದರ್‌ಲೆಂಡ್ಸ್‌ನ ಐಂಡ್‌ಹೋವನ್ ಸುತ್ತಮುತ್ತ ಇಂಥ ಕೆಲಸ ಗೊತ್ತಿರುವವರನ್ನು ಹುಡುಕುವ ಕಂಪನಿಗಳು ಬಹಳ ಇವೆ. ಚಿಪ್ ಮಾಡುವ ಯಂತ್ರಗಳನ್ನು ಕಟ್ಟುವ ಎಎಸ್‌ಎಂಎಲ್ ಪಕ್ಕದ ಫೆಲ್ಡ್‌ಹೋವನ್‌ನಲ್ಲಿದೆ, ಎನ್‌ಎಕ್ಸ್‌ಪಿಯ ಮುಖ್ಯ ಕಚೇರಿ ಐಂಡ್‌ಹೋವನ್‌ನಲ್ಲೇ ಇದೆ, ಇವುಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ದೊಡ್ಡ ಕಂಪನಿಗಳಿಗಂತೂ ಲೆಕ್ಕವಿಲ್ಲ. ಅಂಥದ್ದೊಂದು ಕಂಪನಿಯಲ್ಲಿ ಇವಳದೇ ಕಾಲೇಜಿನ, ಇವಳದೇ ವಿಭಾಗದ, 2012ರ ಬ್ಯಾಚಿನ ಒಬ್ಬರು ಇರುವುದು ಲಿಂಕ್ಡ್‌ಇನ್‌ನಲ್ಲಿ ಗೊತ್ತಾಗಿತ್ತು. ಕಾಲೇಜಿನ ಪುಟದಲ್ಲಿ ಹಳೆಯ ವಿದ್ಯಾರ್ಥಿಗಳ ವಿಭಾಗ ತೆರೆದರೆ ಯಾರು ಯಾವ ದೇಶದಲ್ಲಿದ್ದಾರೆ, ಯಾವ ಕಂಪನಿಯಲ್ಲಿದ್ದಾರೆ ಎಂದು ಜರಡಿ ಹಿಡಿದು ನೋಡಬಹುದು. ಅವರ ಸ್ವಂತ ಇಮೇಲ್ ವಿಳಾಸ ಹಳೆಯ ವಿದ್ಯಾರ್ಥಿಗಳ ಸಂಘದ ಡೈರೆಕ್ಟರಿಯಲ್ಲಿ ಸಿಕ್ಕಿತ್ತು.

"ಮಾಮಾ, ಒಂದ್ಸಲ ನೋಡ್ರಲ್ಲ. ಏನರ ತಪ್ಪೈತೇನು?"

ಕಾಗುಣಿತದ ತಪ್ಪೇನೂ ಇರಲಿಲ್ಲ. ಪತ್ರ ಇಂಗ್ಲಿಷಿನಲ್ಲಿತ್ತು, ಅದರ ಹದ ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಗೌರವಾನ್ವಿತ ಸರ್, ತಮ್ಮ ಅಮೂಲ್ಯ ಸಮಯವನ್ನು ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮೆಯಿರಲಿ. ನಾನು ಶ್ರಮಜೀವಿ, ಹೊಸದನ್ನು ಬೇಗ ಕಲಿಯುವವಳು..." ಮುಂದೆ ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಎಲ್ಲ ಅಂಕಗಳು, ಮಾಡಿದ ಪ್ರಾಜೆಕ್ಟುಗಳು, ಕೊನೆಗೆ "ತಮ್ಮ ಕಂಪನಿಯಲ್ಲಿ ಸೂಕ್ತವಾದ ಯಾವುದೇ ಹುದ್ದೆಗೆ ನನ್ನನ್ನು ರೆಫರ್ ಮಾಡಬೇಕಾಗಿ ವಿನಂತಿ." ಒಟ್ಟು ಮುನ್ನೂರಕ್ಕೂ ಹೆಚ್ಚು ಪದ, ಜೊತೆಗೆ ಮೂರು ಪುಟದ ರೆಸ್ಯೂಮೆ.

ಈ ಪತ್ರವನ್ನು ಆ ಸೀನಿಯರ್ ಎಲ್ಲಿ ಓದುತ್ತಾರೆ ಎಂದು ಯೋಚಿಸಬೇಕು. ಮೇಜಿನ ಮುಂದೆ ಕೂತು ಓದುವುದಿಲ್ಲ. ಊಟದ ಸಾಲಿನಲ್ಲೋ ಬಸ್ಸಿನಲ್ಲೋ ಫೋನಿನಲ್ಲಿ ನೋಡುತ್ತಾರೆ. ಪರದೆಯಲ್ಲಿ ಕಾಣುವುದು ವಿಷಯದ ಸಾಲಿನ ಮೊದಲ ಐದಾರು ಪದ ಮತ್ತು ಪತ್ರದ ಆರಂಭದ ತುಣುಕು. ಇವಳ ವಿಷಯದ ಸಾಲು "ಉದ್ಯೋಗಾವಕಾಶಕ್ಕಾಗಿ ವಿನಂತಿ" ಎಂದಿತ್ತು. ಕೆಳಗಿನ ತುಣುಕಿನಲ್ಲಿ ಕ್ಷಮಾಪಣೆ. ಅದೇ ಕಾಲೇಜಿನವಳು ಎನ್ನುವ ಮಾತು ಬರುವುದು ನಾಲ್ಕನೇ ಪ್ಯಾರಾದಲ್ಲಿ. ಅಷ್ಟು ದೂರ ಯಾರು ಬರುತ್ತಾರೆ?

ಆದರೆ ಉದ್ದ ಕತ್ತರಿಸಿದ ಮಾತ್ರಕ್ಕೆ ಇದು ಸರಿಹೋಗುವ ಪತ್ರವಲ್ಲ. ಕೇಳಿದ್ದೇ ತಪ್ಪು ವಸ್ತು. ರೆಫರಲ್ ಅಂದರೆ ನಮ್ಮವರು ಒಂದು ಗುಂಡಿ ಒತ್ತುವ ಕೆಲಸ ಅಂದುಕೊಂಡಿದ್ದಾರೆ. ಅನೇಕ ಕಂಪನಿಗಳ ರೆಫರಲ್ ಅರ್ಜಿಯಲ್ಲಿ ಒಂದು ಪ್ರಶ್ನೆ ಇರುತ್ತದೆ: ಈ ವ್ಯಕ್ತಿ ನಿಮಗೆ ಹೇಗೆ ಗೊತ್ತು, ಇವರ ಕೆಲಸವನ್ನು ನೀವು ನೋಡಿದ್ದೀರಾ? ಮುಖ ಕಾಣದ ಜೂನಿಯರ್ ರೆಫರಲ್ ಕೇಳಿದರೆ ಆ ಖಾನೆಯಲ್ಲಿ ಒಂದೋ ಸುಳ್ಳು ಬರೆಯಬೇಕು, ಇಲ್ಲವೇ "ಗೊತ್ತಿಲ್ಲ" ಎಂದು ಬರೆದು ತಮ್ಮ ಮಾತಿನ ತೂಕ ತಾವೇ ಕಳೆದುಕೊಳ್ಳಬೇಕು. ಎರಡೂ ಬೇಡವೆಂದು ಹೆಚ್ಚಿನವರು ಮೂರನೆಯ ದಾರಿ ಹಿಡಿಯುತ್ತಾರೆ, ಉತ್ತರಿಸುವುದಿಲ್ಲ. ನಾವು ಅದನ್ನು ಸೊಕ್ಕು ಅಂದುಕೊಳ್ಳುತ್ತೇವೆ.

ಅದರ ಬದಲು ಕೇಳಬಹುದಾದದ್ದು ಇಪ್ಪತ್ತು ನಿಮಿಷದ ಮಾತುಕತೆ. ಕೆಲಸ ಕೊಡಿ ಎಂದಲ್ಲ, ನಿಮ್ಮ ಕೆಲಸ ಹೇಗಿರುತ್ತದೆ ಹೇಳಿ ಎಂದು. ಅಮೆರಿಕದಲ್ಲಿ ಇದಕ್ಕೆ 'ಇನ್ಫರ್ಮೇಶನಲ್ ಇಂಟರ್‌ವ್ಯೂ' ಎಂಬ ಹೆಸರೇ ಇದೆ. 1970ರಲ್ಲಿ 'ವಾಟ್ ಕಲರ್ ಈಸ್ ಯುವರ್ ಪ್ಯಾರಶೂಟ್?' ಎಂಬ ಪುಸ್ತಕ ಬರೆದ ರಿಚರ್ಡ್ ಬೋಲ್ಸ್ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಇಂಟರ್‌ವ್ಯೂ ಎಂಬ ಪದ ಇದ್ದರೂ ಇಲ್ಲಿ ಪ್ರಶ್ನೆ ಕೇಳುವವರು ಕೆಲಸ ಹುಡುಕುವವರೇ.

ಅಪರಿಚಿತರ ಹತ್ತಿರ ಮಾತಾಡಿ ಏನು ಸಿಗುತ್ತದೆ ಎಂದು ಅಕ್ಕ ಒಳಗಿನಿಂದ ಕೇಳಿದಳು. "ನಮ್ಮ ಭಾವನ ಕಡೀ ಯಾರೋ ಜರ್ಮನಿಯೊಳಗ ಅದಾರಲ್ಲ, ಅವರನ್ನ ಕೇಳಬಾರದ?" ಇದಕ್ಕೆ ಉತ್ತರ ಸಮಾಜಶಾಸ್ತ್ರದಲ್ಲಿದೆ. ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಒಂದು ಲೇಖನದಲ್ಲಿ, ಪರಿಚಯದ ಮೂಲಕ ಕೆಲಸ ಸಿಕ್ಕವರನ್ನು, ಆ ಸುದ್ದಿ ಕೊಟ್ಟ ವ್ಯಕ್ತಿಯನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದ ಲೆಕ್ಕ ಇದೆ. ಆಗಾಗ ಸಿಗುವವರಿಂದ ಎಂದವರು ನೂರಕ್ಕೆ 17ರಷ್ಟು ಮಾತ್ರ. ಉಳಿದವರಿಗೆಲ್ಲ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಸಿಗುವವರಿಂದ. ಕಾರಣ ಸರಳ: ಮನೆಯವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಭಾವನ ಕಡೆಯವರು ಜರ್ಮನಿಯಲ್ಲಿರುವುದು ನಿಜ, ಆದರೆ ಅವರು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾರೆ, ಯಂತ್ರ ನಿಯಂತ್ರಣದ ತಂಡದ ಒಳಗಿನ ಸುದ್ದಿ ಅವರಿಗೆ ಎಲ್ಲಿಂದ ಬರಬೇಕು?

ಹಾಗಾದರೆ ಸೀನಿಯರ್‌ಗೆ ಏನು ಕೇಳಬೇಕು? ಇವಳ ನೋಟ್‌ಬುಕ್ಕಿನಲ್ಲಿ ಒಂಬತ್ತು ಪ್ರಶ್ನೆಗಳಿದ್ದವು. ಕೂತು ಏಳನ್ನು ಹೊಡೆದುಹಾಕಿದೆವು. "ನಿಮ್ಮ ಕಂಪನಿ ವೀಸಾ ಕೊಡಿಸುತ್ತದೆಯೇ?" ಎಂಬುದು ಮೊದಲು ಹೋಯಿತು. ನೆದರ್‌ಲೆಂಡ್ಸ್‌ನಲ್ಲಿ ಹೊರದೇಶದ ನುರಿತ ನೌಕರರನ್ನು ಕರೆಸಿಕೊಳ್ಳಬೇಕಾದರೆ ಕಂಪನಿ ಅಲ್ಲಿನ ವಲಸೆ ಇಲಾಖೆ ಐಎನ್‌ಡಿಯ ಮಾನ್ಯತೆ ಪಡೆದ ಪ್ರಾಯೋಜಕ ಆಗಿರಬೇಕು. ಆ ಪಟ್ಟಿಯನ್ನು ಇಲಾಖೆಯೇ ತನ್ನ ತಾಣದಲ್ಲಿ ಹಾಕಿದೆ, ಕಂಪನಿಯ ಹೆಸರು ಹುಡುಕಿದರೆ ಸಿಗುತ್ತದೆ. ಸಂಬಳದ ಕನಿಷ್ಠ ಮಿತಿಯೂ ಅಲ್ಲೇ ಇದೆ. 2025ರಲ್ಲಿ ಅದು 30 ವರ್ಷದೊಳಗಿನವರಿಗೆ ತಿಂಗಳಿಗೆ 4,171 ಯೂರೋ, 30 ದಾಟಿದವರಿಗೆ 5,688 ಯೂರೋ, ರಜಾ ಭತ್ಯೆ ಬಿಟ್ಟು. ಇಪ್ಪತ್ತಾರರ ಹುಡುಗಿಗೆ ಮೊದಲನೆಯದು ಅನ್ವಯಿಸುತ್ತದೆ. ಇಷ್ಟನ್ನು ಓದಿಕೊಳ್ಳದೆ ಕೇಳಿದರೆ, ಪಠ್ಯಪುಸ್ತಕ ತೆರೆಯದೆ ಬಂದ ವಿದ್ಯಾರ್ಥಿಯ ಹಾಗೆ ಕಾಣುತ್ತದೆ.

ಉಳಿದ ಎರಡು ಪ್ರಶ್ನೆಗಳು ಬೇರೆ ಜಾತಿಯವು. ನಿಮ್ಮಂಥ ತಂಡ ಮೂರು ನಾಲ್ಕು ವರ್ಷ ಅನುಭವ ಇರುವವರನ್ನು ಭಾರತದಿಂದ ನೇರವಾಗಿ ತೆಗೆದುಕೊಳ್ಳುತ್ತದೆಯೇ, ಇಲ್ಲ ಅಲ್ಲೇ ಸ್ನಾತಕೋತ್ತರ ಓದಿದವರೇ ಹೆಚ್ಚು ಬರುತ್ತಾರೆಯೇ? ಬೆಂಗಳೂರಿನ ಕೆಲಸದಿಂದ ಅಲ್ಲಿಗೆ ಹೋದಾಗ ನಿಮಗೆ ಯಾವುದು ಗೊತ್ತಿರಲಿಲ್ಲ, ಹೋದ ಮೇಲೆ ಕಲಿಯಬೇಕಾಯಿತು? ಈ ಎರಡಕ್ಕೆ ಯಾವ ತಾಣದಲ್ಲೂ ಉತ್ತರವಿಲ್ಲ, ಒಳಗೆ ಕೂತವರಿಗೆ ಮಾತ್ರ ಗೊತ್ತು.

ಆಮೇಲೆ ಪತ್ರ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಬಿಸಿನೆಸ್ ಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಉದ್ಯೋಗ ಮಾರ್ಗದರ್ಶನ ಮಾಡುತ್ತಿದ್ದ ಸ್ಟೀವ್ ಡಾಲ್ಟನ್ ಇಂಥ ಪತ್ರಕ್ಕೆ ಗಟ್ಟಿಯಾದ ಅಳತೆ ಹಾಕಿಕೊಟ್ಟಿದ್ದಾರೆ: 75 ಪದದೊಳಗೆ ಮುಗಿಯಬೇಕು, ನಮ್ಮಿಬ್ಬರ ನಡುವಿನ ನಂಟು ಮೊದಲು ಬರಬೇಕು, ಕೋರಿಕೆ ಪ್ರಶ್ನೆಯ ರೂಪದಲ್ಲಿರಬೇಕು, ಕೆಲಸದ ಮಾತೇ ಎತ್ತಬಾರದು. ಮೊದಲ ಮೂರನ್ನು ನಾನು ಒಪ್ಪುತ್ತೇನೆ, ಕೊನೆಯದನ್ನು ಅರ್ಧ ಮಾತ್ರ. ಕೆಲಸ ಹುಡುಕುತ್ತಿರುವುದು ಇಬ್ಬರಿಗೂ ಗೊತ್ತಿದ್ದು ಬಾಯಿ ಬಿಡದಿದ್ದರೆ, ವಿಮೆ ಏಜೆಂಟರು "ಸುಮ್ಮನೆ ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆ" ಎನ್ನುವ ಹಾಗಾಗುತ್ತದೆ. ನಮ್ಮ ಊರಿನವರಿಗೆ ಆ ವಾಸನೆ ಬೇಗ ಹತ್ತುತ್ತದೆ. ಅರ್ಧ ವಾಕ್ಯದಲ್ಲಿ ನಿಜ ಹೇಳಿ ಮುಂದೆ ಹೋಗುವುದು ಮೇಲು. ಕೊನೆಗೆ ಹೋದ ಪತ್ರದ ಕನ್ನಡ ರೂಪ ಇದು:

ವಿಷಯ: ಹುಬ್ಬಳ್ಳಿ ಇ ಅಂಡ್ ಸಿ 2021 ಬ್ಯಾಚ್, ನಿಮ್ಮ ಕೆಲಸದ ಬಗ್ಗೆ ಎರಡು ಪ್ರಶ್ನೆ

"ನಮಸ್ಕಾರ. ನಾನು ನಮ್ಮ ಕಾಲೇಜಿನ ಇ ಅಂಡ್ ಸಿ ವಿಭಾಗದವಳು, 2021ರ ಬ್ಯಾಚ್. ನಿಮ್ಮ ವಿಳಾಸ ಹಳೆಯ ವಿದ್ಯಾರ್ಥಿಗಳ ಡೈರೆಕ್ಟರಿಯಲ್ಲಿ ಸಿಕ್ಕಿತು. ನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಮೋಟಾರ್ ನಿಯಂತ್ರಣದ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಮುಂದಿನ ವರ್ಷ ಐಂಡ್‌ಹೋವನ್ ಕಡೆ ಅರ್ಜಿ ಹಾಕುವ ಯೋಚನೆಯಿದೆ. ನೀವೂ ಇದೇ ಕೆಲಸದಿಂದ ಅಲ್ಲಿಯ ಯಂತ್ರ ನಿಯಂತ್ರಣ ತಂಡಕ್ಕೆ ಹೋದವರು, ಆ ಬದಲಾವಣೆ ಹೇಗಿತ್ತು ಎಂದು ಕೇಳಲು 20 ನಿಮಿಷ ಸಿಗಬಹುದೇ? ನಿಮ್ಮ ಕಡೆಯ ಮಧ್ಯಾಹ್ನ 12ರಿಂದ 2ರ ನಡುವೆ ಯಾವ ದಿನವಾದರೂ ನನಗೆ ಆಗುತ್ತದೆ. ಬರೆದು ತಿಳಿಸುವುದೇ ಸುಲಭವಾದರೆ ಅದೂ ಸಾಕು."

ಮಧ್ಯಾಹ್ನ 12 ಯಾಕೆ ಅಂದರೆ, ಇವಳು ಮೊದಲು ಬರೆದದ್ದು ನಮ್ಮ ರಾತ್ರಿ 9.30. ಬೇಸಿಗೆ ಗಡಿಯಾರದ ಪ್ರಕಾರ ಅಲ್ಲಿ ಅದು ಸಂಜೆ 6, ಮನೆಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಊಟ ಮಾಡುವ ಹೊತ್ತು. ಊಟದ ಬಿಡುವಿನ ಇಪ್ಪತ್ತು ನಿಮಿಷ ಕೊಡುವುದು ಸುಲಭ. ಕೊನೆಯ ವಾಕ್ಯ ಇನ್ನೂ ಮುಖ್ಯ. ಮಾತಾಡಲು ಸಂಕೋಚವಿದ್ದವರು, ಸಮಯವಿಲ್ಲದವರು ಬರೆದಾದರೂ ಉತ್ತರಿಸುತ್ತಾರೆ, ಆ ಬಾಗಿಲು ತೆರೆದಿಟ್ಟರೆ.

ಸಂಬೋಧನೆಯ ಬಗ್ಗೆ ಸ್ವಲ್ಪ ಚರ್ಚೆ ನಡೆಯಿತು. ಡಚ್ಚರು ಮ್ಯಾನೇಜರನ್ನೂ ಹೆಸರು ಹಿಡಿದು ಕರೆಯುತ್ತಾರೆ. ನಮ್ಮ ಸೀನಿಯರಿಗೆ ಹತ್ತು ವರ್ಷದಲ್ಲಿ ಅದು ಅಭ್ಯಾಸವಾಗಿರಬಹುದು, ಆಗಿರದೆಯೂ ಇರಬಹುದು. ಹೀಗಾಗಿ "ಮಿಸ್ಟರ್" ಹಚ್ಚಿ ಕೊನೆಯ ಹೆಸರು ಬರೆಯೋಣ ಎಂದಳು. ಅದರಲ್ಲಿ ಒಂದು ಗುಂಡಿ ಇದೆ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ, ಪಾಸ್‌ಪೋರ್ಟಿನ ಕೊನೆಯ ಖಾನೆಯಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಕೂತಿರುತ್ತದೆ. "ಮಿಸ್ಟರ್" ಎಂದು ಅದನ್ನು ಕರೆದರೆ ಅಪ್ಪನನ್ನೋ ಊರನ್ನೋ ಕರೆದ ಹಾಗೆ. ನಮ್ಮ ಸೀನಿಯರ್ ವಿಷಯದಲ್ಲೂ ಅದು ಊರಿನ ಹೆಸರೇ ಆಗಿತ್ತು. ಕೊನೆಗೆ ಮೊದಲ ಹೆಸರು, ಜೊತೆಗೆ "ಸರ್" ಎಂದಾಯಿತು. ಡಚ್ ಕಿವಿಗೆ ಸ್ವಲ್ಪ ಹಳೆಯ ಕಾಲದ್ದು, ಹುಬ್ಬಳ್ಳಿಯ ಕಿವಿಗೆ ಸರಿಯಾದದ್ದು.

ಕಳಿಸುವ ಮುಂಚೆ ಎರಡು ವಿಷಯ ನೋಡಿಕೊಂಡೆವು. ರೆಸ್ಯೂಮೆ ತೆಗೆದುಹಾಕಿದೆವು, ಅದು ಇದ್ದರೆ ಮೇಲೆ ಏನೇ ಬರೆದರೂ ಪತ್ರ ಅರ್ಜಿಯಾಗಿಬಿಡುತ್ತದೆ. ಇನ್ನೊಂದು ಚಿಕ್ಕದು, ಆದರೆ ಸೀನಿಯರುಗಳು ತಟ್ಟನೆ ಹಿಡಿಯುವುದು ಅದನ್ನೇ. ಹೆಸರನ್ನು ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದ್ದರಿಂದ "ನಮಸ್ಕಾರ" ಒಂದು ಅಕ್ಷರಶೈಲಿಯಲ್ಲಿ, ಹೆಸರು ಇನ್ನೊಂದರಲ್ಲಿ, ತುಸು ದಪ್ಪಗೆ, ಬೂದು ಬಣ್ಣದಲ್ಲಿ ಇತ್ತು. ಇದೇ ಪತ್ರ ಇನ್ನು ನಲವತ್ತು ಜನರಿಗೆ ಹೋಗಿದೆ ಎಂದು ಆ ಒಂದು ಪದವೇ ಹೇಳಿಬಿಡುತ್ತದೆ. ಅಳಿಸಿ ಕೈಯಲ್ಲೇ ಟೈಪ್ ಮಾಡಿದಳು.

ಕಂಪನಿಯ ವಿಳಾಸವನ್ನು ಊಹಿಸಿ ಬರೆಯುವವರೂ ಇದ್ದಾರೆ, ಹೆಸರು ಚುಕ್ಕಿ ಹೆಸರು ಅಟ್ ಕಂಪನಿ ಅಂತ. ತಲುಪುವುದೇನೋ ತಲುಪುತ್ತದೆ. ಆದರೆ ಕೆಲಸದ ಪೆಟ್ಟಿಗೆಗೆ, ಹೊರಗಿನಿಂದ ಬಂದದ್ದು ಎಂಬ ಎಚ್ಚರಿಕೆಯ ಪಟ್ಟಿಯೊಂದಿಗೆ ಬರಬಹುದು. ಕಂಪನಿಯ ಒಳಗಿನ ವಿಷಯ ಕೇಳುವ ಪತ್ರಕ್ಕೆ ಆ ಪೆಟ್ಟಿಗೆಯಿಂದಲೇ ಉತ್ತರಿಸಲು ಯಾರೂ ಇಷ್ಟಪಡುವುದಿಲ್ಲ. ಡೈರೆಕ್ಟರಿಯಲ್ಲಿ ಸ್ವಂತ ವಿಳಾಸ ಇಲ್ಲದಿದ್ದರೆ ಹಳೆಯ ವಿದ್ಯಾರ್ಥಿಗಳ ಕಚೇರಿಗೇ ಬರೆದು, ಈ ಪತ್ರವನ್ನು ಅವರಿಗೆ ದಾಟಿಸುತ್ತೀರಾ ಎಂದು ಕೇಳುವುದು ಮರ್ಯಾದೆಯ ದಾರಿ.

ಪತ್ರ ಹೋದದ್ದು ಅಕ್ಟೋಬರ್ 7, ಮಂಗಳವಾರ. ಉತ್ತರ ಬರಲಿಲ್ಲ. ಹೆಚ್ಚಿನ ಸಲ ಇಲ್ಲೇ ಜನ ಕೈಬಿಡುವುದು, ಇಲ್ಲವೇ ಎರಡು ದಿನಕ್ಕೊಮ್ಮೆ ನೆನಪಿಸಿ ಹಾಳುಮಾಡುವುದು. ಡಾಲ್ಟನ್ ಇದಕ್ಕೂ ಲೆಕ್ಕ ಕೊಟ್ಟಿದ್ದಾರೆ: ಮೂರು ಕೆಲಸದ ದಿನ ಕಳೆದರೆ ಅದೇ ಕಂಪನಿಯ ಇನ್ನೊಬ್ಬರಿಗೆ ಬರೆಯಿರಿ, ಏಳು ಕೆಲಸದ ದಿನ ಕಳೆದರೆ ಮೊದಲನೆಯವರಿಗೆ ಒಂದು ಸಲ ನೆನಪಿಸಿ. ಶುಕ್ರವಾರ ಇವಳು 2015ರ ಬ್ಯಾಚಿನ ಇನ್ನೊಬ್ಬರಿಗೆ ಬರೆದಳು. ಅವರಿಂದ ಒಂದೇ ಸಾಲು ಬಂತು, "ಸದ್ಯ ನಮ್ಮಲ್ಲಿ ತೆಗೆದುಕೊಳ್ಳುತ್ತಿಲ್ಲ." ಇವಳು ಕೆಲಸ ಕೇಳಿಯೇ ಇರಲಿಲ್ಲ, ಆದರೂ ಅವರು ಓದಿದ್ದು ಹಾಗೆ. ಇಂಥವರಿಗೆ ವಿವರಣೆ ಕೊಡಲು ಹೋಗಬಾರದು, ಧನ್ಯವಾದ ಹೇಳಿ ಬಿಡಬೇಕು. 16ನೇ ತಾರೀಖು ಗುರುವಾರ ಮೊದಲನೆಯವರಿಗೆ, ಹಳೆಯ ಪತ್ರದ ಕೆಳಗೇ ಎರಡು ಸಾಲು ಸೇರಿಸಿ ಕಳಿಸಿದಳು.

ಸೋಮವಾರ, ನಮ್ಮ ಮನೆಯಲ್ಲಿ ದೀಪಾವಳಿಯ ಎಣ್ಣೆಸ್ನಾನ ಮುಗಿದು ಹೋಳಿಗೆಗೆ ಕೂತಿದ್ದಾಗ ಉತ್ತರ ಬಂತು. ಅಲ್ಲಿನ ಶಾಲೆಗಳಿಗೆ ಅಕ್ಟೋಬರ್ ಮಧ್ಯದಲ್ಲಿ ಒಂದು ವಾರ ರಜೆ, ಮಕ್ಕಳನ್ನು ಕರೆದುಕೊಂಡು ಹೋಗಿದ್ದರಂತೆ. 28ನೇ ತಾರೀಖು ಮಂಗಳವಾರ ಮಧ್ಯಾಹ್ನ 12.30ಕ್ಕೆ ಸಿಗುತ್ತೇನೆ ಎಂದಿದ್ದರು. ಇವಳು ಮೂರೂವರೆ ಗಂಟೆ ಕೂಡಿಸಿ ಸಂಜೆ 4 ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಳು.

28ರಂದು 4 ಗಂಟೆಗೆ ವಿಡಿಯೊ ಕಾಲ್ ತೆರೆದು ಕೂತರೆ ಯಾರೂ ಇಲ್ಲ. 4.10, 4.20. ಮುಖ ಸಣ್ಣಗಾಯಿತು. "ಸರ್, ನಾನು ಕಾಯುತ್ತಿದ್ದೇನೆ, ನೀವು ಬರಲಿಲ್ಲ" ಎಂದು ಟೈಪ್ ಮಾಡಿ ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಿದ್ದಾಗ ನನಗೆ ಫೋನ್ ಬಂತು. ಯುರೋಪಿನಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಮಾರ್ಚಿನ ಕೊನೆಯ ಭಾನುವಾರ ಮುಂದಕ್ಕೆ. 26ರಂದು ಅದು ನಡೆದುಹೋಗಿತ್ತು. ಅಂತರ ಈಗ ನಾಲ್ಕೂವರೆ ಗಂಟೆ, ಅಲ್ಲಿನ 12.30 ಅಂದರೆ ನಮ್ಮ 5. ಆ ಸಂದೇಶ ಹೋಗಿದ್ದರೆ ಮಾತುಕತೆ ಶುರುವಾಗುವ ಮೊದಲೇ ಕೆಡುತ್ತಿತ್ತು. ಸಮಯ ನಿಗದಿಯಾದ ಕೂಡಲೇ ಕ್ಯಾಲೆಂಡರ್ ಆಹ್ವಾನ ಕಳಿಸಿ, ಅದರಲ್ಲಿ ಸಮಯವಲಯವನ್ನು `Europe/Amsterdam` ಎಂದು ಆರಿಸಿದ್ದರೆ ಈ ಕೂಡಿಸಿ ಕಳೆಯುವ ಉಸಾಬರಿಯೇ ಇರುತ್ತಿರಲಿಲ್ಲ.

5 ಗಂಟೆಗೆ ಅವರು ಬಂದರು. ಇಪ್ಪತ್ತು ನಿಮಿಷ ಅಂದದ್ದು ಮೂವತ್ತೈದಾಯಿತು, ಆದರೆ ಇಪ್ಪತ್ತಕ್ಕೆ ಸರಿಯಾಗಿ ಇವಳು "ಸರ್, ನಾನು ಕೇಳಿದ್ದ ಸಮಯ ಮುಗೀತು" ಎಂದದ್ದಕ್ಕೇ ಉಳಿದ ಹದಿನೈದು ಸಿಕ್ಕಿತು ಎಂದು ನನ್ನ ಎಣಿಕೆ. ಮೊದಲ ಪ್ರಶ್ನೆಗೆ ಅವರ ಉತ್ತರ ನೇರವಾಗಿತ್ತು. ತಮ್ಮ ತಂಡ ಇಷ್ಟು ಅನುಭವದವರನ್ನು ಭಾರತದಿಂದ ನೇರ ಕರೆಸಿಕೊಳ್ಳುವುದು ಅಪರೂಪ. ಆದರೆ ಅದೇ ಕಟ್ಟಡದಲ್ಲಿ, ಅದೇ ಮೇಜುಗಳಲ್ಲಿ ಕೂತು ಕೆಲಸ ಮಾಡುವ ಎಂಜಿನಿಯರುಗಳಲ್ಲಿ ಎಷ್ಟೋ ಜನರ ಸಂಬಳ ಬರುವುದು ಬೇರೆ ಕಂಪನಿಗಳಿಂದ. ಡಚ್ಚರು ಇದಕ್ಕೆ ಡೆಟಾಶೇರಿಂಗ್ ಅನ್ನುತ್ತಾರೆ, ನಮ್ಮ ಕಡೆ ಐಟಿಯವರು ಡೆಪ್ಯುಟೇಶನ್ ಅನ್ನುವ ರೀತಿಯದ್ದು. ಆ ಕಂಪನಿಗಳು ಎಂಜಿನಿಯರುಗಳನ್ನು ತಮ್ಮ ನೌಕರರನ್ನಾಗಿ ಮಾಡಿಕೊಂಡು ದೊಡ್ಡ ಕಂಪನಿಗೆ ಕಳಿಸುತ್ತವೆ. ಆಗ ವೀಸಾದ ಪ್ರಾಯೋಜಕರು ಅವರೇ. ಅಂದರೆ ಇವಳು ಆರು ತಿಂಗಳಿಂದ ಐಎನ್‌ಡಿ ಪಟ್ಟಿಯಲ್ಲಿ ಹುಡುಕುತ್ತಿದ್ದ ಹೆಸರುಗಳೇ ಬೇರೆ, ಹುಡುಕಬೇಕಾಗಿದ್ದ ಹೆಸರುಗಳೇ ಬೇರೆ. ಎರಡನೆಯ ಪ್ರಶ್ನೆಗೆ, ಕೋಡ್ ಬರೆಯಲು ತಮಗೆ ಬರುತ್ತಿತ್ತು, ಯಂತ್ರದ ಕಂಪನವನ್ನು ಅಳೆದು ಅದಕ್ಕೆ ತಕ್ಕಂತೆ ನಿಯಂತ್ರಕವನ್ನು ಹೊಂದಿಸುವುದು ಬರುತ್ತಿರಲಿಲ್ಲ, ಇಂಟರ್‌ವ್ಯೂನಲ್ಲಿ ಅಲ್ಲೇ ಸಿಕ್ಕಿಬಿದ್ದೆ ಎಂದರು.

ರೆಫರಲ್ ಮಾತು ಇವಳು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಮುಗಿಸುವಾಗ "ಈ ಬಗ್ಗೆ ಇನ್ನು ಯಾರ ಹತ್ರ ಮಾತಾಡಿದ್ರೆ ಒಳ್ಳೇದು ಸರ್?" ಎಂದು ಮಾತ್ರ ಕೇಳಿದಳು. ಡೆಟಾಶೇರಿಂಗ್ ಕಂಪನಿಯಲ್ಲಿರುವ ಒಬ್ಬರ ಹೆಸರು ಕೊಟ್ಟು, ನಾನೇ ಅವರಿಗೆ ಮೊದಲು ಹೇಳಿರುತ್ತೇನೆ ಎಂದರು. ಅಂಥ ಮಾತು ಕಾಲ್ ಮುಗಿದ ಮೇಲೆ ಮರೆತುಹೋಗುವುದೂ ಉಂಟು, ಆದ್ದರಿಂದ ಅದೇ ರಾತ್ರಿ ಕೃತಜ್ಞತೆಯ ಪತ್ರ ಬರೆದಳು, ನಾಲ್ಕೇ ಸಾಲು. ಯಾವ ಮಾತು ತನಗೆ ಹೊಸದಾಗಿತ್ತು, ಅದರಿಂದ ಈ ವಾರ ಏನು ಮಾಡುತ್ತೇನೆ, ಅವರು ಹೇಳಿದ ವ್ಯಕ್ತಿಗೆ ಯಾವಾಗ ಬರೆಯುತ್ತೇನೆ. ಆರು ವಾರದ ಮೇಲೆ ಇನ್ನೊಂದು ಪತ್ರ: ಕಂಪನ ಅಳೆಯುವ ಒಂದು ಕೋರ್ಸ್ ಮುಗಿಸಿದ್ದು, ಎರಡು ಡೆಟಾಶೇರಿಂಗ್ ಕಂಪನಿಗಳಿಗೆ ಅರ್ಜಿ ಹಾಕಿದ್ದು, ಒಂದರಲ್ಲಿ ಮೊದಲ ಸುತ್ತು ದಾಟಿದ್ದು, ಇನ್ನೊಂದರಲ್ಲಿ ತಿರಸ್ಕೃತಳಾದದ್ದು.

ಅದಕ್ಕೆ ಅರ್ಧ ಗಂಟೆಯೊಳಗೆ ಉತ್ತರ ಬಂತು. ಈ ಸಲ ಕನ್ನಡದಲ್ಲಿ, ಇಂಗ್ಲಿಷ್ ಅಕ್ಷರ ಹಾಕಿ ಬರೆದದ್ದು. ಎರಡನೇ ಸುತ್ತಿನಲ್ಲಿ ಏನು ಕೇಳಬಹುದು ಎಂದು ಮೂರು ಸಾಲು, ಅದರ ಕೆಳಗೆ ಇನ್ನೊಂದು: "ಕಾಲೇಜ್ ಮುಂದಿನ ಗಿರ್ಮಿಟ್ ಅಂಗಡಿ ಇನ್ನೂ ಐತೇನು?" ಇವಳಿಗೆ ಗೊತ್ತಿರಲಿಲ್ಲ. ಈಗ ಅಲ್ಲಿ ಓದುತ್ತಿರುವ ಜೂನಿಯರ್ ಒಬ್ಬನಿಗೆ ಫೋನ್ ಮಾಡಿ, ಫೋಟೊ ತೆಗೆಸಿ ಕಳಿಸಿದಳು.